ಹೊಗೆಕೊಳವೆಯ ಸುತ್ತ ಒಂದೂವರೆ ಅಡಿ

ಕೆಂಪಾಚಾರಿಗೆ ಬಿಸಿಲೆಂದರೆ ಸಸಾರ. ಎಂಟನೆಯ ವಯಸ್ಸಿನಿಂದ ಬೆಂಕಿಯ ಮುಂದೆ ಕೂತವನಿಗೆ ಸೂರ್ಯ ಯಾವ ದೊಡ್ಡ ಮನುಷ್ಯ ಎನ್ನುವ ಧಿಮಾಕು. ಆ ಧಿಮಾಕು ಹೋದ ವರ್ಷ ಏಪ್ರಿಲ್ಲಿನ ಒಂದು ಮಧ್ಯಾಹ್ನ, ನಂಜನಗೂಡಿನ ತನ್ನದೇ ವರ್ಕ್‌ಶಾಪಿನಲ್ಲಿ, ತನ್ನದೇ ತಗಡಿನ ಸೂರಿನ ಕೆಳಗೆ, ಗೇಟಿನ ಸರಳೊಂದನ್ನು ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕುಸಿಯಿತು. ಎಚ್ಚರವಾದಾಗ ಹೆಂಡತಿ ಮುತ್ತಮ್ಮ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಮಗ ಪುಟ್ಟರಾಜು ಫೋನು ಹಿಡಿದು ಆಟೋಗಾಗಿ ಕೂಗಾಡುತ್ತಿದ್ದ.

ಡಾಕ್ಟರು ಹೆಚ್ಚು ಮಾತಾಡುವ ಜನವಲ್ಲ. "ವಯಸ್ಸು ಎಷ್ಟು?" ಎಂದು ಕೇಳಿದರು. ಎಪ್ಪತ್ತಮೂರು ಎಂದಾಗ ಕನ್ನಡಕದ ಮೇಲಿಂದ ಒಂದು ಸಲ ನೋಡಿ, "ಆ ಶೆಡ್ಡಿನೊಳಗೆ ಇನ್ನೊಂದು ಬೇಸಿಗೆ ಬೇಡ" ಎಂದರು. ಅಷ್ಟೇ.

ಆ ಮಾತನ್ನು ಹಿಡಿದುಕೊಂಡು ಪುಟ್ಟರಾಜು ಈ ಸಲ ಶಿವರಾತ್ರಿ ಕಳೆದ ಕೂಡಲೇ ಪಂಚಾಯ್ತಿ ಶುರು ಮಾಡಿದ. "ಅಪ್ಪ, ಯುಗಾದಿ ಒಳಗೆ ಸೂರಿಗೆ ಇನ್ಸುಲೇಷನ್ ಮಾಡುಸ್ಬುಡ್ತೀನಿ. ಇಲ್ದಿದ್ರೆ ನೀನು ಮನೇಲೇ ಕೂತ್ಕೊ."

ಮನೆಯಲ್ಲಿ ಕೂರುವ ಮಾತು ಬಂದರೆ ಕೆಂಪಾಚಾರಿ ಯಾವುದಕ್ಕೂ ಒಪ್ಪುತ್ತಿದ್ದ. ಇದಕ್ಕೂ ಒಪ್ಪಿದ.

ಆ ಸೂರಿಗೂ ಒಂದು ಕತೆಯಿದೆ. ಕೆಂಪಾಚಾರಿಯ ತಾತ ಅದನ್ನು ಎತ್ತಿದ್ದು ಮಹಾರಾಜರ ಕಾಲದಲ್ಲಿ. ಮೈಸೂರಿನಿಂದ ಹೊರಟ ರೈಲು ಆಗ ನಂಜನಗೂಡಿಗೇ ಬಂದು ನಿಂತುಬಿಡುತ್ತಿತ್ತಂತೆ, ಮುಂದಕ್ಕೆ ಕಂಬಿಯೇ ಇರಲಿಲ್ಲವಂತೆ. ಸರಕೆಲ್ಲ ಇಲ್ಲಿ ಇಳಿದು ಗಾಡಿ ಏರಬೇಕು, ಗಾಡಿ ಎಂದಮೇಲೆ ಚಕ್ರ, ಚಕ್ರ ಎಂದಮೇಲೆ ಕಬ್ಬಿಣದ ಪಟ್ಟಿ, ಪಟ್ಟಿ ಎಂದಮೇಲೆ ಆಚಾರಿ. ತಾತ ಸ್ಟೇಷನ್ನಿನ ಕೂಗಳತೆಯಲ್ಲಿ ಜಾಗ ಹಿಡಿದು ಕುಲುಮೆ ಹೂಡಿದ. ಮಣ್ಣಿನ ಗೋಡೆ, ಮೇಲೆ ಮರದ ತೊಲೆ, ರೀಪು, ಹೆಂಚು. ಹೆಂಚಿನ ಕೆಳಗೆ ಎಷ್ಟು ಬೆಂಕಿ ಉರಿದರೂ ಸೆಕೆ ಅನ್ನಿಸುತ್ತಿರಲಿಲ್ಲ. ಸಂದುಗಳಲ್ಲಿ ಗಾಳಿ ಓಡಾಡುತ್ತಿತ್ತು, ಬೆಳಗಿನ ಬಿಸಿಲು ಕೋಲುಕೋಲಾಗಿ ಇಳಿದು ಇದ್ದಿಲ ಧೂಳಿನಲ್ಲಿ ಕಾಣುತ್ತಿತ್ತು. ಕೆಂಪಾಚಾರಿಯ ಬಾಲ್ಯವೆಲ್ಲ ಆ ಬಿಸಿಲುಕೋಲುಗಳ ನಡುವೆಯೇ ಕಳೆದದ್ದು. ಆಮೇಲೆ ಕೋತಿಗಳ ಕಾಟ ತಡೆಯಲಾರದೆ ಅವನೇ ಹೆಂಚು ಇಳಿಸಿ ತಗಡು ಹೊದಿಸಿದ. ಮೂವತ್ತು ವರ್ಷದ ಹಿಂದಿನ ಆ ಬುದ್ಧಿವಂತಿಕೆಯನ್ನು ಈಗಲೂ ಬೇಸಿಗೆ ಬಂದಾಗಲೆಲ್ಲ ಶಪಿಸಿಕೊಳ್ಳುತ್ತಾನೆ.

ಇನ್ಸುಲೇಷನ್ ಸಾಮಾನು ತಿರುಮಕೂಡಲಿನಲ್ಲಿ ಗಂಗಾಧರಸ್ವಾಮಿ ಎನ್ನುವವರ ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಟಿ. ನರಸೀಪುರಕ್ಕೆ ಜನ ಹಾಗೇ ಅನ್ನುವುದು. ಅಪ್ಪ ಮಗ ಬೈಕಿನಲ್ಲಿ ಹೋದರು. ದಾರಿಯುದ್ದಕ್ಕೂ ಕೆಂಪಾಚಾರಿ ಮಗನ ಬೆನ್ನ ಹಿಂದಿನಿಂದ ವರದಿ ಒಪ್ಪಿಸುತ್ತಲೇ ಇದ್ದ. ಈ ಊರಿನ ಗೌಡ್ರ ಗಾಡಿಗೆ ನಾನೇ ಪಟ್ಟಿ ಕಟ್ಟಿದ್ದು, ಆ ಕಬ್ಬಿನ ಗದ್ದೆಯವರ ಮಚ್ಚು ನಮ್ಮ ಅಪ್ಪ ಹದ ಹಾಕಿದ್ದು ಎನ್ನುವ ಥರದ ವರದಿ. ಹೆಲ್ಮೆಟ್ಟಿನೊಳಗಿದ್ದ ಪುಟ್ಟರಾಜುವಿಗೆ ಅರ್ಧ ಕೇಳಿಸಲಿಲ್ಲ. ಉಳಿದರ್ಧ ಅವನಿಗೆ ಬಾಯಿಪಾಠ.

ಗಂಗಾಧರಸ್ವಾಮಿ ಹಣೆಗೆ ವಿಭೂತಿ ಇಟ್ಟ, ಸಮಾಧಾನದ ಮನುಷ್ಯ. ನಂಜನಗೂಡು, ಕುಲುಮೆ ಎಂದ ಕೂಡಲೇ ಮುಖ ಅರಳಿತು.

"ಸ್ಟೇಷನ್ ಹತ್ರದ ಆಚಾರ್ರಾ ನೀವು? ನಮ್ಮ ತಾತ ನಿಮ್ಮಲ್ಲಿಗೇ ಗಾಡಿ ತರ್ತಿದ್ದದ್ದು ಕಣ್ರೀ. ನಾನೂ ಬತ್ತಿದ್ದೆ, ಚಿಕ್ಕವನು. ಒಬ್ಬ ಹೆಂಗಸು ತಿದಿ ಒತ್ತೋರು, ನನ್ ಕೈಗೆ ಬೆಲ್ಲ ಕೊಡೋರು."

"ನಮ್ಮವ್ವ" ಎಂದ ಕೆಂಪಾಚಾರಿ. ಸತ್ತು ನಲವತ್ತು ವರ್ಷವಾದ ಅವ್ವನನ್ನು ಇನ್ನೊಬ್ಬರ ಬಾಯಲ್ಲಿ ಹೀಗೆ ಅಚಾನಕ್ಕಾಗಿ ಕೇಳಿ ಅವನಿಗೆ ಅಂಗಡಿಯ ಮೇಲೆ, ಅಂಗಡಿಯವರ ಮೇಲೆ, ಅವರು ಮಾರುವ ಸರ್ವ ಸಾಮಾನಿನ ಮೇಲೆ ಪ್ರೀತಿ ಬಂದುಬಿಟ್ಟಿತು.

ಗಂಗಾಧರಸ್ವಾಮಿ ಎರಡು ತುಂಡು ತಂದು ಮೇಜಿನ ಮೇಲಿಟ್ಟರು. ಒಂದು ಹಳದಿ, ಹಿಂಜಿದ ಹತ್ತಿಯ ಹಾಗೆ ಹಗುರ, ಒತ್ತಿದರೆ ತಗ್ಗಿ ಬಿಟ್ಟರೆ ಏಳುತ್ತಿತ್ತು. ಇನ್ನೊಂದು ಹಸಿರು ಬೆರೆತ ಕಂದು, ಹಲಗೆಯ ಹಾಗೆ ಬಿಗಿ, ಕೈಗೆ ತೂಕ.

"ಇದು ಗ್ಲಾಸ್ ವೂಲು. ಗಾಜು ಕರಗ್ಸಿ ಎಳೆ ತೆಗೆದಿರೋದು. ಇದು ರಾಕ್ ವೂಲು, ಕಲ್ಲು ಕರಗ್ಸಿ ಎಳೆ ತೆಗೆದಿರೋದು. ಬಿಸಿಲು ತಡೆಯೋದ್ರಲ್ಲಿ ಎರಡೂ ಹೆಚ್ಚೂಕಮ್ಮಿ ಒಂದೇ. ಎಳೆ ನಡುವೆ ಗಾಳಿ ಸಿಕ್ಕಾಕೊಂಡಿರ್ತದಲ್ಲ, ಅದೇ ಕೆಲ್ಸ ಮಾಡೋದು. ನೀರು ಕುಡಿದ್ರೆ ಎರಡೂ ಕೆಟ್ಟೋಯ್ತವೆ, ಅದ್ರಿಂದ ಮೊದ್ಲು ಸೂರಿನ ಸೋರಿಕೆ ಮುಚ್ಚುಸ್ಬೇಕು."

"ಕಲ್ಲನ್ನ ಕರಗ್ಸಿ ನೂಲು ತೆಗೀತಾರಾ?" ಎಂದ ಕೆಂಪಾಚಾರಿ. ಜೀವನವಿಡೀ ಕಬ್ಬಿಣ ಕಾಯಿಸಿದವನು. ಕಲ್ಲು ಕರಗಬೇಕಾದರೆ ಎಂಥ ಬೆಂಕಿ ಬೇಕೆನ್ನುವುದು ಅವನಿಗೆ ತಟ್ಟನೆ ಅಂದಾಜಾಯಿತು. ಆ ಕಂದು ತುಂಡನ್ನು ಎತ್ತಿಕೊಂಡವನು ಮತ್ತೆ ಕೆಳಗಿಡಲಿಲ್ಲ.

"ವ್ಯತ್ಯಾಸ ಇರೋದು ತೂಕದಲ್ಲಿ, ಬೆಂಕಿಲಿ" ಎಂದು ಗಂಗಾಧರಸ್ವಾಮಿ ಮುಂದುವರಿಸಿದರು. "ಎರಡೂ ಹತ್ತಿ ಉರಿಯೋ ಸಾಮಾನಲ್ಲ. ಆದ್ರೆ ಗ್ಲಾಸ್ ವೂಲಲ್ಲಿ ಎಳೆ ಹಿಡ್ಕೊಂಡಿರೋ ಅಂಟು ಇನ್ನೂರೈವತ್ತು ಡಿಗ್ರಿ ಹತ್ರಕ್ಕೆ ಕೆಡೋಕೆ ಶುರುವಾಯ್ತದೆ. ರಾಕ್ ವೂಲು ಆರುನೂರು ದಾಟುದ್ರೂ ಜಗ್ಗಲ್ಲ. ನಿಮ್ಮ ಸೂರಲ್ಲಿ ಬೆಂಕಿ ಕಾವು ತಾಗೋ ಜಾಗ ಏನಾದ್ರೂ ಅದೆಯಾ? ವೆಲ್ಡಿಂಗ್ ಕಿಡಿ ಅಷ್ಟೆತ್ತರ ಹಾರಲ್ಲ, ಅದು ಬಿಡಿ. ಹೊಗೆಕೊಳವೆ ಅಂಥದ್ದು?"

"ಅದೆ" ಎಂದ ಕೆಂಪಾಚಾರಿ.

"ಐತೆ ಸಾ, ಆದ್ರೆ ಕುಲುಮೆ ಹಚ್ಚಲ್ಲ" ಎಂದ ಪುಟ್ಟರಾಜು ಅದೇ ಉಸಿರಿನಲ್ಲಿ. "ಮೂರು ವರ್ಷ ಆಯ್ತು. ಅದನ್ನ ತೆಗೆದು ಅಲ್ಲಿಗೆ ಬೆಂಡಿಂಗ್ ಮಿಷನ್ ಆಕ್ಬೇಕು ಅಂತಿವ್ನಿ."

ಕೆಂಪಾಚಾರಿ ಮಗನ ಮುಖ ನೋಡಿದ. ಕುಲುಮೆ ತೆಗೆಯುವ ಮಾತು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಅದೂ ಯಾರದೋ ಅಂಗಡಿಯಲ್ಲಿ, ಮೂರನೆಯವರಿಗೆ ಉತ್ತರ ಕೊಡುವ ನೆಪದಲ್ಲಿ. ಎರಡೂ ತುಂಡುಗಳನ್ನು ಕೇಳಿ ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡ. ವಾಪಸು ಬರುವಾಗ ದಾರಿಯಲ್ಲಿ ಒಂದೇ ಒಂದು ವರದಿ ಬರಲಿಲ್ಲ. ಪುಟ್ಟರಾಜು ಎರಡು ಸಲ ಕನ್ನಡಿಯಲ್ಲಿ ನೋಡಿದ, ಅಪ್ಪ ಹಿಂದೆ ಇದ್ದಾನೋ ಬಿದ್ದುಹೋದನೋ ಎಂದು.

ಮಾರನೆಯ ದಿನ ಬೆಳಿಗ್ಗೆ ಕೆಂಪಾಚಾರಿ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ತೀರ್ಮಾನ ಮಾಡಲು ಹೊರಟ. ಆಚಾರಿಯಾದವನು ಯಾವ ವಸ್ತುವನ್ನಾದರೂ ಬೆಂಕಿಗೆ ಹಿಡಿದೇ ಅದರ ಯೋಗ್ಯತೆ ಅಳೆಯುವುದು. ಎರಡು ತುಂಡನ್ನೂ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ, ಗ್ಯಾಸ್ ಕಟ್ಟರ್ ಹೊತ್ತಿಸಿ, ಒಂದು ಗೇಣು ದೂರದಿಂದ ಜ್ವಾಲೆ ತೋರಿಸಿದ. ಹಳದಿ ತುಂಡು ಮೊದಲು ಕಂದಾಗಿ ಕೆಟ್ಟ ವಾಸನೆಯ ಹೊಗೆ ಬಿಟ್ಟಿತು, ಆಮೇಲೆ ಕುಗ್ಗಿತು, ಆಮೇಲೆ ನಡುವೆ ತೂತಾಗಿ ತೂತಿನ ಅಂಚಿನಲ್ಲಿ ಸಣ್ಣ ಸಣ್ಣ ಗಾಜಿನ ಮಣಿ ನಿಂತವು. ಕಂದು ತುಂಡು ಕೆಂಪಗಾಯಿತು. ಜ್ವಾಲೆ ತೆಗೆದ ಮೇಲೆ ಕಪ್ಪಾಗಿ ಹಾಗೇ ನಿಂತಿತ್ತು. ಹಿಂಬದಿಗೆ ಅಂಗೈ ಇಟ್ಟು ನೋಡಿದ, ಉಗುರುಬೆಚ್ಚಗೆ.

"ಬಾರ್ಲಾ ಇಲ್ಲಿ!" ಎಂದು ಮಗನನ್ನು ಕೂಗಿದ. "ನೋಡು ನಿನ್ ಗ್ಲಾಸ್ ವೂಲ್ನ ಗತಿಯ. ನಂಗೆ ಕಲ್ಲಿಂದೇ ಬೇಕು. ಸೂರು ಪೂರ್ತಿ ಕಲ್ಲಿಂದೇ."

ಪುಟ್ಟರಾಜು ಬಂದು ಎರಡನ್ನೂ ನೋಡಿದ. ಅಪ್ಪನ ಮುಖದ ಗೆಲುವನ್ನೂ ನೋಡಿದ. ಅವನು ಕೆಟ್ಟ ಮಗನಲ್ಲ. ವರ್ಕ್‌ಶಾಪು ಇಂದು ಉಸಿರಾಡುತ್ತಿರುವುದೇ ಅವನ ಗೇಟು, ಗ್ರಿಲ್ಲು, ಟ್ರೈಲರುಗಳಿಂದ. ಮೆಲ್ಲಗೆ ಕೇಳಿದ: "ಅಪ್ಪ, ಆ ಬೆಂಕಿ ಎಲ್ಲದೆ ಈಗ? ಯಾರು ನೇಗ್ಲು ಗುಳ ತತ್ತಾರೆ, ಯಾರು ಕುಡ್ಲು ತತ್ತಾರೆ? ಉರೀದೆ ಇರೋ ಕುಲುಮೆಗೆ ಕಲ್ಲಿನ ಸೂರು ಯಾಕೆ?"

ಕೆಂಪಾಚಾರಿ ಕಟ್ಟರಿನ ಕಿವಿ ತಿರುಗಿಸಿ ಆರಿಸಿದ.

ಮಗ ಹೇಳಿದ್ದು ನಿಜ. ಅದೇ ಅವನಿಗೆ ಸಂಕಟ. ಒಂದು ಕಾಲದಲ್ಲಿ ಕುಯಿಲಿಗೆ ಹದಿನೈದು ದಿನ ಮುಂಚೆ ಹದಿನಾರು ಗ್ರಾಮ, ತಾಂಡವಪುರ, ಆಚೆಗೆ ಬನ್ನೂರಿನ ತನಕದವರೂ ಕುಡುಗೋಲಿನ ಕಟ್ಟು ತಂದು ಈ ಬಾಗಿಲಲ್ಲಿ ಕೂರುತ್ತಿದ್ದರು. ಅಲಗಿಗೆ ಹಲ್ಲು ಹಾಕಿಸಿಕೊಂಡು ಹೋಗುವ ತನಕ ಕುಲುಮೆಯ ಸುತ್ತ ಊರ ಸುದ್ದಿಯೆಲ್ಲ ಬೇಯುತ್ತಿತ್ತು. ಯಾರ ಮನೆಗೆ ಯಾರ ಹೆಣ್ಣು, ಯಾವ ಎತ್ತು ಯಾವ ಜಾತ್ರೆಯದು ಎಲ್ಲವೂ ಅಲ್ಲೇ ಇತ್ಯರ್ಥ. ಮುತ್ತಮ್ಮ ಮದುವೆಯಾಗಿ ಬಂದ ಎಂಟನೇ ದಿನಕ್ಕೆ ತಿದಿ ಹಿಡಿದಳು. ಆಮೇಲೆ ತಿದಿ ಹೋಗಿ ಕೈಯಲ್ಲಿ ತಿರುಗಿಸುವ ಬ್ಲೋಯರ್ ಬಂತು. ಆ ಹಿಡಿಯನ್ನೂ ಅವಳೇ ತಿರುಗಿಸಿದಳು. ಅವನು ಇಕ್ಕಳದಿಂದ ಕಬ್ಬಿಣ ಅಲ್ಲಾಡಿಸಿದರೆ ಸಾಕು, ಗಾಳಿ ಹೆಚ್ಚು ಬೇಕೋ ಕಮ್ಮಿ ಬೇಕೋ ಅವಳಿಗೆ ತಿಳಿಯುತ್ತಿತ್ತು. ಮೂವತ್ತೇಳು ವರ್ಷ ಅವರಿಬ್ಬರು ಹೆಚ್ಚು ಮಾತಾಡಿದ್ದು ಹಾಗೆಯೇ. ಮೂರು ವರ್ಷದ ಹಿಂದೆ ಅವಳ ಭುಜ ಹಿಡಿದುಕೊಂಡಿತು. ಹಿಡಿ ತಿರುಗಿಸುವವರಿಲ್ಲದೆ ಕುಲುಮೆ ನಿಂತಿತು. ಇವತ್ತು ಹಚ್ಚೋಣ, ನಾಳೆ ಹಚ್ಚೋಣ ಎನ್ನುತ್ತಲೇ ಅದರ ಮೇಲೆ ಪೇಂಟಿನ ಡಬ್ಬ, ಕಟಿಂಗ್ ಚಕ್ರ, ಹಳೇ ಟಾರ್ಪಾಲು ಬಂದು ಕೂತವು.

ಮೂರು ದಿನ ಬಿಟ್ಟು ಗಂಗಾಧರಸ್ವಾಮಿ ಕಳಿಸಿದ ಕೆಲಸಗಾರ ಬಂದ. ಹದಿನಾರು ಗ್ರಾಮದ ಸಿದ್ದಯ್ಯ; ಫ್ಯಾಕ್ಟರಿಗಳ ಪೈಪು, ಬಾಯ್ಲರುಗಳಿಗೆ ಈ ಉಣ್ಣೆ ಸುತ್ತಿ ಸುತ್ತಿ ಪಳಗಿದವನು. ಅಡಿಗಲ್ಲಿನ ಮೇಲಿದ್ದ ಸುಟ್ಟ ತುಂಡುಗಳನ್ನು ನೋಡಿ ಅವನಿಗೆ ನಗು ತಡೆಯಲಿಲ್ಲ.

"ಏನ್ ಆಚಾರ್ರೇ, ಸೂರಿಗೆ ಗ್ಯಾಸ್ ಕಟ್ಟರ್ ಇಡಿಯೋ ಅಂದಾಜಾ? ಬಿಸ್ಲಲ್ಲಿ ತಗಡು ಎಷ್ಟೇ ಕಾದ್ರೂ ಎಪ್ಪತ್ತು ಡಿಗ್ರಿ. ಅಷ್ಟುಕ್ಕೆ ಇದೇನೂ ಕರಗಾಕಿಲ್ಲ."

ಏಣಿ ಹಾಕಿ ಮೇಲೆ ಹತ್ತಿದ. ತೊಲೆಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚುತ್ತ, ಬೆರಳಿನಿಂದ ತಟ್ಟುತ್ತ ಹೋದ. ಬಡಗಣ ಬದಿಗೆ ಬಂದಾಗ ಸ್ಕ್ರೂಡ್ರೈವರು ಬೆಣ್ಣೆಯೊಳಗೆ ಹೋದ ಹಾಗೆ ಒಳಗೆ ಹೋಯಿತು. ಗೆದ್ದಲು.

"ನೋಡಿ ಆಚಾರ್ರೇ" ಎಂದ ಇಳಿದು ಬಂದು. "ಇಷ್ಟಗಲ ಸೂರಿಗೆ ಎರಡಿಂಚಿನ ಗ್ಲಾಸ್ ವೂಲ್ ಆಕುದ್ರೆ ಒಬ್ಬ ಆಳಿನ ತೂಕ ಆಯ್ತದೆ. ನೀವು ಕೇಳ್ತಿರೋ ಬಿಗಿಯ ರಾಕ್ ವೂಲ್ ಆದ್ರೆ ಮೂರಾಳು. ಅದ್ರ ಮೇಲೆ ತಂತಿಬಲೆ. ನಿಮ್ ಮರ ಒಂದಾಳ ಒತ್ಕತದೆ. ಮೂರಾಳ ಒತ್ಕಬೇಕು ಅಂದ್ರೆ ಈ ಮರ ಎಲ್ಲಾ ಕಿತ್ತು ಕಬ್ಬಿಣ ಆಕ್ಬೇಕು."

ತಾತನ ತೊಲೆಗಳನ್ನು ಕೀಳುವ ಮಾತು ಕೇಳಿ ಕೆಂಪಾಚಾರಿ ತಲೆಯೆತ್ತಿ ಅವನ್ನೇ ನೋಡಿದ. ಸೂರು ಪೂರ್ತಿ ಕಲ್ಲಿನದೇ ಬೇಕು ಎಂದದ್ದು ಆ ತೊಲೆಗಳ ಕೆಳಗೆ ಕುಲುಮೆ ಉಳಿಯಲಿ ಎಂದಲ್ಲವೇ. ತೊಲೆಯೇ ಹೋದಮೇಲೆ ಏನು ಬಂತು.

"ಅಂಗಾರೆ ಗ್ಲಾಸ್ ವೂಲು" ಎಂದ ಪುಟ್ಟರಾಜು.

"ಸೂರಿಗೆಲ್ಲ ಗ್ಲಾಸ್ ವೂಲು. ಅದುಕ್ಕೆ ಕಾಗದದ್ದು ಬ್ಯಾಡ, ಅಲ್ಯೂಮಿನಿಯಮ್ ಹಾಳೆ ಅಂಟ್ಸಿರೋದೇ ತಕ್ಕಳಿ, ಕೆಲ್ಸದ ಜಾಗ." ಸಿದ್ದಯ್ಯ ಹೊಗೆಕೊಳವೆಯ ಕಡೆ ಬೆರಳು ತೋರಿಸಿದ. "ಪ್ರಶ್ನೆ ಇರೋದು ಇದೊಂದು. ಕುಲುಮೆ ಉರಿಯೋದಾದ್ರೆ ಈ ಕೊಳವೆ ಸುತ್ತ ಒಂದೂವರೆ ಅಡಿ ರಾಕ್ ವೂಲೇ ಆಗ್ಬೇಕು, ನಡುವೆ ತಗಡಿನ ಪಟ್ಟಿ ಕೊಟ್ಟು ಮರದಿಂದ ದೂರ ಇಡ್ಬೇಕು. ಅಷ್ಟು ತೂಕ ಈ ಮರ ತಡೀತದೆ, ಇಲ್ಲಿ ಗೆದ್ಲು ಇಲ್ಲ. ಉರಿಯಾಕಿಲ್ಲ ಅಂದ್ರೆ ಕೊಳವೆ ಕಿತ್ತಾಕಿ ತೂತು ಮುಚ್ಚಿ ಸಲೀಸಾಗಿ ಗ್ಲಾಸ್ ವೂಲ್ ಎಳೆದ್ಬುಡ್ತೀನಿ. ಸೋರೋ ಜಾಗ ಒಂದು ಕಮ್ಮಿ ಆಯ್ತದೆ."

ಇಬ್ಬರೂ ಕೆಂಪಾಚಾರಿಯನ್ನು ನೋಡಿದರು. ಅವನು ಟಾರ್ಪಾಲು ಹೊದ್ದ ಕುಲುಮೆಯನ್ನು ನೋಡಿದ.

"ಉರೀತದೆ" ಎಂದ.

"ಅಪ್ಪ—"

"ಉರೀತದೆ ಅಂದ್ನಲ್ಲ!"

ಸಿದ್ದಯ್ಯ ಇಂಥ ಅಪ್ಪ ಮಕ್ಕಳನ್ನು ಬಹಳ ನೋಡಿದ್ದವನು. ನಡುವೆ ಸಿಕ್ಕಿಹಾಕಿಕೊಳ್ಳಲಿಲ್ಲ. "ಅಂಗಾರೆ ಒಂದ್ಸಲ ಹಚ್ಚಿ ಆಚಾರ್ರೇ" ಎಂದ ಬಲು ನಯವಾಗಿ. "ಸೂರು ದಾಟೋ ಜಾಗದಲ್ಲಿ ಕೊಳವೆ ಎಷ್ಟು ಕಾಯ್ತದೆ ಅಂತ ಅಳೀತೀನಿ. ಇನ್ನೂರೊಳಗೆ ಇದ್ರೆ ಗ್ಲಾಸ್ ವೂಲೇ ಸಾಕು, ಸುಮ್ನೆ ಯಾಕೆ. ಅದ್ರ ಮೇಲೋದ್ರೆ ರಾಕ್ ವೂಲು. ಶುಕ್ರವಾರ ಬತ್ತೀನಿ."

ಹೀಗೆ ಮೂರು ವರ್ಷದಲ್ಲಿ ಯಾರೂ ಮಾಡಿಸಲಾರದ ಕೆಲಸವನ್ನು ಒಂದು ಥರ್ಮಾಮೀಟರು ಮಾಡಿಸಿತು.

ಶುಕ್ರವಾರ ಬೆಳಿಗ್ಗೆ ಕೆಂಪಾಚಾರಿ ಮಿಂದು, ಹಣೆಗೆ ಗಂಧ ಇಟ್ಟು ಬಂದ. ಡಬ್ಬಗಳನ್ನು ಕೆಳಗಿಳಿಸಿ, ಟಾರ್ಪಾಲು ಸರಿಸಿ, ಗುಂಡಿಯ ಬೂದಿ ಬಳಿದು, ಬ್ಲೋಯರಿನ ಗುಂಡುಗಳಿಗೆ ಎಣ್ಣೆ ಬಿಟ್ಟ. ಇದ್ದಿಲಿಗಾಗಿ ಊರೆಲ್ಲ ಸುತ್ತಿದ್ದ. ಕೊನೆಗೆ ಒಂದು ಮೂಟೆ ಸಿಕ್ಕಿದ್ದು ಇಸ್ತ್ರಿಯವನ ಹತ್ತಿರ. ತೆಂಗಿನ ನಾರಿಗೆ ಬೆಂಕಿ ತಾಗಿಸಿದ ಕೂಡಲೇ ಹೊಗೆ ಮೇಲಕ್ಕೆ ಹೋಗುವ ಬದಲು ಎಲ್ಲರ ಮುಖಕ್ಕೆ ಬಂತು. ಪುಟ್ಟರಾಜು ಕೆಮ್ಮುತ್ತ ಹತ್ತಿ ನೋಡಿದರೆ ಕೊಳವೆಯ ಬಾಯಿಗೆ ಯಾವುದೋ ಹಕ್ಕಿ ಗೂಡು ಕಟ್ಟಿ ಬಿಟ್ಟುಹೋಗಿತ್ತು. ಕೋಲಿನಿಂದ ತಳ್ಳಿದಾಗ ಒಣಹುಲ್ಲು, ಪ್ಲಾಸ್ಟಿಕ್ ದಾರ, ಒಂದೆರಡು ಗರಿ ಎಲ್ಲ ಕೆಂಪಾಚಾರಿಯ ತಲೆಯ ಮೇಲೇ ಸುರಿದವು. ಸಿದ್ದಯ್ಯ ಮುಖ ಆಚೆ ತಿರುಗಿಸಿಕೊಂಡು ನಕ್ಕ.

ಎರಡನೇ ಸಲ ಬೆಂಕಿ ಹತ್ತಿಕೊಂಡಿತು. ಎಡಗೈಯಲ್ಲಿ ಹಿಡಿ ತಿರುಗಿಸುತ್ತ, ಬಲಗೈಯಲ್ಲಿ ಇದ್ದಿಲು ಒಟ್ಟುತ್ತ ಕೆಂಪಾಚಾರಿ ಕೂತ. ಆ ವಾಸನೆ ಎದ್ದ ಕೂಡಲೇ ಅವನಿಗೆ ಅವ್ವ, ಅಪ್ಪ, ಬಾಗಿಲಲ್ಲಿ ಕೂತ ರೈತರು, ಬಿಸಿಲುಕೋಲು ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತಂತಾಯಿತು. ಕಣ್ಣಲ್ಲಿ ನೀರು. ಹೊಗೆ ಎಂದುಕೊಳ್ಳಲಿ ಎಂದು ಒರೆಸಿಕೊಳ್ಳಲಿಲ್ಲ.

ಆದರೆ ತೋಳು ಎಪ್ಪತ್ತಮೂರು ವರ್ಷದ್ದು. ಹತ್ತು ಸುತ್ತು ತಿರುಗಿಸಿದರೆ ಹನ್ನೊಂದನೆಯದಕ್ಕೆ ಉಸಿರು ಬೇಕು. ನಿಂತರೆ ಬೆಂಕಿ ಮಂಕಾಗುತ್ತಿತ್ತು. ಇದ್ದಿಲು ಕೆಂಪಗಾಯಿತೇ ಹೊರತು ಬೆಳ್ಳಗಾಗಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಸಿದ್ದಯ್ಯ ಏಣಿ ಹತ್ತಿ, ಪಿಸ್ತೂಲಿನಂಥ ಥರ್ಮಾಮೀಟರನ್ನು ತುಕ್ಕು ಹಿಡಿದ ಕೊಳವೆಗೆ ಗುರಿಯಿಟ್ಟು ಓದಿದ.

"ನೂರ ಹದಿನೆಂಟು."

ಬ್ಲೋಯರು ತಾನಾಗಿ ಒಂದೆರಡು ಸುತ್ತು ತಿರುಗಿ ನಿಂತಿತು.

ಕೆಂಪಾಚಾರಿ ಹಿಡಿಯಿಂದ ಕೈ ತೆಗೆದ. ಕಬ್ಬಿಣದ ವಿಷಯದಲ್ಲಿ ಅವನು ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. ಬಿರುಕಿದ್ದರೆ ಬಿರುಕಿದೆ ಎನ್ನುವುದು, ಹದ ತಪ್ಪಿದರೆ ತಪ್ಪಿದೆ ಎನ್ನುವುದು. ತನ್ನ ವಿಷಯದಲ್ಲೂ ಈಗ ಹೇಳಬೇಕಾಯಿತು.

"ಗ್ಲಾಸ್ ವೂಲೇ ಆಕ್ಬುಡು ಸಿದ್ದಯ್ಯ" ಎಂದ. "ಕೊಳವೆ ಕಿತ್ಬುಡು. ನಮ್ಮುಡ್ಗ ಏಳ್ತಿದ್ದದ್ದೇ ಸರಿ."

ಪುಟ್ಟರಾಜುವಿಗೆ ಇದೇ ಉತ್ತರ ಬೇಕಾಗಿತ್ತು. ಸಿಕ್ಕಿದ ಮೇಲೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಅಪ್ಪ ಸೋತು ಮಾತಾಡಿದ್ದನ್ನು ಅವನು ಇದುವರೆಗೆ ಕೇಳಿರಲಿಲ್ಲ.

ಮಾತಾಡಿದ್ದು ಮುತ್ತಮ್ಮ. ಕಾಫಿ ತಂದವಳು ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದಳು. ಲೋಟಗಳನ್ನು ಠಣ್ಣೆಂದು ಕಬ್ಬಿಣ ಬಿಗಿಹಿಡಿಯುವ ವೈಸಿನ ಮೇಲಿಟ್ಟಳು.

"ಅಲ್ಲಾ, ಇದೂ ಒಂದು ಬೆಂಕಿಯಾ? ಈ ಬೆಂಕಿಲಿ ನಾನು ಕಾಪಿನೂ ಕಾಸಾಕಿಲ್ಲ. ಇದನ್ನ ಅಳೆದು ಬರ್ಕೊಂಡೋಯ್ತಾರಂತೆ!" ಎಂದು ಸಿದ್ದಯ್ಯನ ಮೇಲೆ ಹರಿಹಾಯ್ದಳು. "ನನ್ ತೋಳು ಸರಿಯಿದ್ದಿದ್ರೆ ತೋರುಸ್ತಿದ್ದೆ ನಿಂಗೆ, ಈ ಕುಲುಮೆ ಬೆಂಕಿ ಅಂದ್ರೇನು ಅಂತ." ಭುಜ ಮರೆತು ಹಿಡಿಗೆ ಕೈ ಹಾಕಿಯೇಬಿಟ್ಟಳು. ಅರ್ಧ ಸುತ್ತಿಗೇ ಮುಖ ಹಿಂಡಿತು.

"ಬುಡವ್ವ ಅತ್ಲಗೆ" ಎಂದ ಪುಟ್ಟರಾಜು. ಅವ್ವನ ಕೈಯನ್ನು ಮೆಲ್ಲಗೆ ಬಿಡಿಸಿ ತಾನು ಹಿಡಿದ.

ಅವನು ಕುಲುಮೆಯ ಮುಂದೆ ಕೂತು ಇಪ್ಪತ್ತು ವರ್ಷವಾಗಿತ್ತು. ಐ.ಟಿ.ಐ. ಸೇರುವ ಮುಂಚೆ ದಿನಾ ಕೂರುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಓಡಿಹೋಗುತ್ತಿದ್ದ. ಮೊದಲ ಸುತ್ತುಗಳು ಗಡಿಬಿಡಿಯಾದವು, ಕಿಡಿ ಹಾರಿ ಎಲ್ಲರೂ ಹಿಂದೆ ಸರಿದರು. ಕೆಂಪಾಚಾರಿಗೆ ಬಾಯಿ ತಡೆಯಲಿಲ್ಲ.

"ಉಡಾಯ್ಸಬ್ಯಾಡ ಕಣ್ಲಾ! ಒಂದೇ ಸಮ. ಎತ್ತು ನಡೆದಂಗೆ."

"ಗೊತ್ತು ಸುಮ್ಕಿರಪ್ಪ."

ಒಂದೇ ಸಮವಾಯಿತು. ಬ್ಲೋಯರಿನ ಸದ್ದು ಗುರುಗುರುವೆನ್ನುವುದು ಬಿಟ್ಟು ಗುಂಯ್ ಎಂದು ಹಾಡಲು ಶುರುವಾಯಿತು. ಆ ಸದ್ದಿಗೆ ಕೆಂಪಾಚಾರಿಯ ಕೈ ತಾನಾಗಿ ಎದ್ದಿತು. ಇದ್ದಿಲು ಒಟ್ಟಿದ, ಅಂಚಿಗೆ ನೀರು ಚಿಮುಕಿಸಿ ಬೆಂಕಿಯನ್ನು ನಡುವೆ ಕೂಡಿಸಿದ, ತುಂಡು ಸರಳೊಂದನ್ನು ಅದರ ಹೊಟ್ಟೆಗೆ ತೂರಿಸಿದ. ಕೆಂಪು ಹೋಗಿ ಕಿತ್ತಳೆಯಾಯಿತು, ಕಿತ್ತಳೆ ಹೋಗಿ ಹಳದಿಯಾಯಿತು. ಅವನು ಇಕ್ಕಳ ಅಲ್ಲಾಡಿಸಿದ. ಏನೂ ಹೇಳಲಿಲ್ಲ, ಬರೀ ಅಲ್ಲಾಡಿಸಿದ. ಪುಟ್ಟರಾಜು ಗಾಳಿ ಹೆಚ್ಚಿಸಿದ.

ಅದನ್ನು ಕಂಡು ಮುತ್ತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತನ್ನ ಹಾಗೂ ಗಂಡನ ನಡುವೆಯಷ್ಟೇ ಇದೆ ಎಂದುಕೊಂಡಿದ್ದ ಭಾಷೆಯನ್ನು ಮಗ ಯಾವಾಗ ಕಲಿತನೋ ಅವಳಿಗೆ ಗೊತ್ತೇ ಆಗಿರಲಿಲ್ಲ.

"ಇನ್ನೂರ ಮೂವತ್ತು" ಎಂದ ಸಿದ್ದಯ್ಯ ಏಣಿಯ ಮೇಲಿಂದ. ಸ್ವಲ್ಪ ಹೊತ್ತಿಗೆ, "ಇನ್ನೂರೆಂಬತ್ತು." ಇನ್ನೂ ಸ್ವಲ್ಪ ಹೊತ್ತಿಗೆ ಅವನೇ ಏಣಿಯಿಂದ ಎರಡು ಮೆಟ್ಟಿಲು ಕೆಳಗಿಳಿದ. "ಮುನ್ನೂರ ಹತ್ತು ಕಣ್ರೋ! ಸಾಕು ಮಾಡಿ, ನನ್ ಕೂದ್ಲು ಸುಟ್ಟೋದಾತು."

ಪುಟ್ಟರಾಜು ನಿಲ್ಲಿಸಲಿಲ್ಲ. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. "ಬರ್ಕೊ ಸಿದ್ದಣ್ಣ" ಎಂದ ಬೆಂಕಿಯಿಂದ ಕಣ್ಣು ತೆಗೆಯದೆ. "ಕೊಳವೆ ಸುತ್ತ ಒಂದೂವರೆ ಅಡಿ. ರಾಕ್ ವೂಲು."

"ಬೆಂಡಿಂಗ್ ಮಿಷನ್ನು?" ಎಂದು ಕೇಳಿದ ಕೆಂಪಾಚಾರಿ. ಕೇಳಬಾರದಿತ್ತು. ಆದರೆ ಗೆದ್ದವನಿಗೆ ಕೇಳದೆ ಇರಲಾಗುತ್ತದೆಯೇ.

"ಬಾಗ್ಲತ್ರ ಆಕಂಡ್ರಾಯ್ತು. ಸರಳು ತಗೀಯಪ್ಪ ಮೊದ್ಲು, ಉರ್ದೋಯ್ತದೆ."

ಆ ಮನೆಯಲ್ಲೊಂದು ಪದ್ಧತಿ ಇತ್ತು, ತಾತ ಹಾಕಿಕೊಟ್ಟದ್ದು. ಹೊಸದಾಗಿ ಹೂಡಿದ ಬೆಂಕಿಯಿಂದ ಬಂದ ಮೊದಲ ಕಬ್ಬಿಣವನ್ನು ಮಾರಬಾರದು. ಅದರಲ್ಲೊಂದು ಮೊಳೆ ಮಾಡಿ ಆ ಸೂರಿಗೇ ಹೊಡೆಯಬೇಕು. ತಾತ ಹೊಡೆದದ್ದು, ಅಪ್ಪ ಹೊಡೆದದ್ದು, ಮೇಲಿನ ಅಡ್ಡತೊಲೆಯಲ್ಲಿ ಈಗಲೂ ಇವೆ. ಕೆಂಪಾಚಾರಿ ಹಳದಿಯಾದ ಸರಳನ್ನು ಹೊರಗೆಳೆದು ಅಡಿಗಲ್ಲಿನ ಮೇಲಿಟ್ಟ. ಸುತ್ತಿಗೆಯನ್ನು ಎತ್ತಿಕೊಳ್ಳಲು ಹೋದವನು ಒಂದು ಗಳಿಗೆ ತಡೆದು, ಅದರ ಹಿಡಿಯನ್ನು ಮಗನ ಕಡೆ ತಿರುಗಿಸಿದ.

ಪುಟ್ಟರಾಜು ಬಡಿದು ಮಾಡಿದ ಮೊಳೆ ಚೆನ್ನಾಗೇನೂ ಬರಲಿಲ್ಲ. ಮೊನೆ ಒಂದು ಕಡೆಗೆ ಸೊಟ್ಟ, ತಲೆ ಇನ್ನೊಂದು ಕಡೆಗೆ ಸೊಟ್ಟ. "ಇಂಥ ಮೊಳೆನ ನಮ್ಮಪ್ಪ ಕಂಡಿದ್ರೆ ಬಾಗ್ಲಿಂದಾಚೆ ಎಸೀತಿದ್ದ" ಎಂದ ಕೆಂಪಾಚಾರಿ. ಎಸೆಯಲಿಲ್ಲ. ನೀರಿನಲ್ಲಿ ಅದ್ದಿ, ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಂಡ.

ಯುಗಾದಿಗೆ ಐದು ದಿನ ಮುಂಚೆ ಕೆಲಸ ಮುಗಿಯಿತು. ಮೊದಲು ತಗಡಿನ ಸ್ಕ್ರೂ ತೂತುಗಳನ್ನೆಲ್ಲ ಮುಚ್ಚಿದರು, ಗೆದ್ದಲು ತಿಂದ ಮರಗಳಿಗೆ ಎರಡು ಕಡೆ ಆಸರೆ ಕೊಟ್ಟರು. ಸಿದ್ದಯ್ಯ ಮತ್ತು ಅವನ ಜೊತೆಯವರು ಮೂಗಿಗೆ ಬಟ್ಟೆ, ಕೈಗೆ ಗ್ಲೌಸು, ತುಂಬುತೋಳಿನ ಅಂಗಿ ಹಾಕಿಕೊಂಡು ಹಳದಿ ಉಣ್ಣೆಯ ಸುರುಳಿ ಬಿಚ್ಚಿ, ಹೊಳೆಯುವ ಹಾಳೆ ಕೆಳಮುಖವಾಗಿ, ತಂತಿಬಲೆ ಕಟ್ಟಿ ಎಳೆದರು. ಬರೀ ಕೈಯಲ್ಲಿ ಮುಟ್ಟಬೇಡಿ ಎಂದರೂ ಕೇಳದೆ ಕೆಂಪಾಚಾರಿ ಮುಟ್ಟಿ, ಮೊಣಕೈ ತನಕ ತುರಿಸಿಕೊಂಡು ಕುಣಿದ. ಮುತ್ತಮ್ಮ ತಣ್ಣೀರು ಸುರಿದು, ತುರಿಸಿಕೊಳ್ಳಬೇಡಿ ಎಂದು ಬೈದಳು.

ಕೊಳವೆಯ ಸುತ್ತ ಒಂದೂವರೆ ಅಡಿ ಮಾತ್ರ ಕಂದು. ಹೊಳೆಯುವ ಸೂರಿನ ನಡುವೆ ಅದೊಂದು ತೇಪೆ ಹಾಕಿದಂತೆ ಕಾಣುತ್ತಿತ್ತು. ಅದರ ಅಂಚಿನ ತಗಡಿನ ಪಟ್ಟಿಯನ್ನು ತೊಲೆಗೆ ಬಿಗಿಯಲು ಸಿದ್ದಯ್ಯ ಸ್ಕ್ರೂ ಹುಡುಕುತ್ತಿದ್ದಾಗ ಕೆಂಪಾಚಾರಿ ಜೇಬಿನಿಂದ ಮೊಳೆ ತೆಗೆದು ಕೊಟ್ಟ.

"ಇದು ಸೊಟ್ಟ ಅಲ್ವಾ ಆಚಾರ್ರೇ?"

"ಸೊಟ್ಟನೇ. ಇದನ್ನೇ ಹೊಡಿ."

ಈ ಏಪ್ರಿಲ್ಲಿನಲ್ಲಿ ಒಂದು ಮಧ್ಯಾಹ್ನ, ಕಳೆದ ವರ್ಷ ಕುಸಿದ ಹೊತ್ತಿಗೇ, ಕೆಂಪಾಚಾರಿ ಅದೇ ಸೂರಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂತಿದ್ದ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಹೆಂಚಿನ ಕಾಲದ ತಂಪು. ಗಾಳಿಯೂ ಇರಲಿಲ್ಲ, ಬಿಸಿಲುಕೋಲೂ ಇರಲಿಲ್ಲ, ಅವು ಇನ್ನು ಬರುವುದೂ ಇಲ್ಲ. ಇಷ್ಟು ಉಳಿಯಿತಲ್ಲ ಎಂದುಕೊಂಡ. ತಾಂಡವಪುರದ ಒಬ್ಬ ಹೆಂಗಸು ಎರಡು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಕುಲುಮೆ ಹಚ್ಚವ್ರೆ ಅಂದ್ರು. ಹಲ್ಲಾಕಿ ಕೊಡ್ತೀರಾ?"

ಕೆಂಪಾಚಾರಿ ಉತ್ತರ ಕೊಡುವ ಮುಂಚೆ ಒಳಗಿನಿಂದ ಬ್ಲೋಯರ್ ಗುಂಯ್ ಎಂದಿತು.